ಜಪಾನಿ ವಾಕ್ಯಗಳಲ್ಲಿ 'ವ' ಮತ್ತು 'ಗ' ಅದಲುಬದಲು: ದೋಷ ಪತ್ತೆ ಹಚ್ಚಿ ತಿದ್ದುವ ಕ್ರಮ

ಜಪಾನಿ ಕಲಿಯುತ್ತಿರುವ ಕನ್ನಡಿಗರ ಬರವಣಿಗೆಯನ್ನು ತಿದ್ದುವವರಿಗೆ ಪದೇ ಪದೇ ಎದುರಾಗುವ ದೋಷವೊಂದಿದೆ: 'ವ' ಇರಬೇಕಾದ ಕಡೆ 'ಗ', 'ಗ' ಇರಬೇಕಾದ ಕಡೆ 'ವ'. ಎರಡೂ ನಾಮಪದದ ಹಿಂದೆ ಬಂದು ಕೂರುವ ಪ್ರತ್ಯಯಗಳು. ಮೊದಲನೆಯದನ್ನು ಹಿರಗನ ಲಿಪಿಯಲ್ಲಿ 'ಹ' ಅಕ್ಷರದಿಂದ ಬರೆದು, ಪ್ರತ್ಯಯವಾಗಿ ಬಂದಾಗ 'ವ' ಎಂದು ಓದುತ್ತಾರೆ. ಎರಡನೆಯದು ಬರೆದಂತೆಯೇ 'ಗ'. ಪಠ್ಯಪುಸ್ತಕದ ಮೊದಲ ಪಾಠಗಳಲ್ಲೇ ಇವು ಬಂದರೂ ವರ್ಷಗಟ್ಟಲೆ ಕಲಿತವರ ಪ್ರಬಂಧಗಳಲ್ಲಿಯೂ ತಪ್ಪು ಉಳಿದಿರುತ್ತದೆ. ತಿದ್ದುವವರು ಕೆಂಪು ಶಾಯಿಯಿಂದ ಒಂದು ಅಕ್ಷರವನ್ನು ಹೊಡೆದು ಇನ್ನೊಂದನ್ನು ಬರೆದುಬಿಟ್ಟರೆ ಆ ವಾಕ್ಯ ಸರಿಹೋಗುತ್ತದೆಯೇ ಹೊರತು ಬರೆದವರಿಗೆ ಕಾರಣ ತಿಳಿಯುವುದಿಲ್ಲ, ಮುಂದಿನ ಪುಟದಲ್ಲಿ ಅದೇ ತಪ್ಪು ಮತ್ತೆ ಕಾಣಿಸುತ್ತದೆ. ಆದ್ದರಿಂದ ಈ ಬರಹದಲ್ಲಿ ತಪ್ಪನ್ನು ಯಾವ ಕ್ರಮದಲ್ಲಿ ಪತ್ತೆ ಹಚ್ಚಬೇಕು, ಪ್ರತಿಯೊಂದು ತಪ್ಪಿನ ಕಾರಣವನ್ನು ಹೇಗೆ ಬೇರ್ಪಡಿಸಬೇಕು ಎಂಬುದನ್ನು ಒಂದು ಸಣ್ಣ ಪ್ರಬಂಧವನ್ನು ಇಟ್ಟುಕೊಂಡು ವಿವರಿಸಿದ್ದೇನೆ. ಎನ್5, ಎನ್4 ಮಟ್ಟದ ವಾಕ್ಯರಚನೆ ಗೊತ್ತಿರುವವರಿಗೆ ಇಲ್ಲಿನ ಉದಾಹರಣೆಗಳು ಸಾಕಷ್ಟು ಸುಲಭವಾಗಿರುತ್ತವೆ.

ತಪ್ಪು ಬರೆದವರ ಕಣ್ಣಿಗೆ ಏಕೆ ಬೀಳುವುದಿಲ್ಲ

ಕನ್ನಡದಲ್ಲಿ ಕರ್ತೃಪದಕ್ಕೆ ಸಾಮಾನ್ಯವಾಗಿ ಯಾವ ಪ್ರತ್ಯಯವೂ ಕಣ್ಣಿಗೆ ಕಾಣುವಂತೆ ಹತ್ತುವುದಿಲ್ಲ. 'ಬಾಗಿಲಲ್ಲಿ ನಾಯಿ ಇತ್ತು' ಎನ್ನುವಾಗಲೂ 'ನಾಯಿ ದೊಡ್ಡದಾಗಿತ್ತು' ಎನ್ನುವಾಗಲೂ 'ನಾಯಿ' ಎಂಬ ಪದ ಒಂದೇ ರೂಪದಲ್ಲಿ ನಿಲ್ಲುತ್ತದೆ. ಜಪಾನಿಯಲ್ಲಿ ಮೊದಲನೆಯದು 'ಇನು ಗ', ಎರಡನೆಯದು 'ಇನು ವ'. ಹೀಗಾಗಿ ತನ್ನ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ ಪರೀಕ್ಷಿಸುವ ವಿದ್ಯಾರ್ಥಿಗೆ ತಪ್ಪು ವಾಕ್ಯವೂ ಸರಿ ವಾಕ್ಯವೂ ಒಂದೇ ಅರ್ಥ ಕೊಡುತ್ತವೆ.

ತರಗತಿಗಳಲ್ಲಿ ಹೇಳಿಕೊಡುವ 'ವ ಎಂದರೆ ವಿಷಯ, ಗ ಎಂದರೆ ಕರ್ತೃ' ಎಂಬ ಸೂತ್ರ ಇಲ್ಲಿ ನೆರವಿಗೆ ಬರುವುದಿಲ್ಲ. ಬಹುತೇಕ ವಾಕ್ಯಗಳಲ್ಲಿ ವಿಷಯವೂ ಕರ್ತೃವೂ ಒಂದೇ ಪದವಾಗಿರುತ್ತದೆ, ಆಗ ಯಾವುದನ್ನು ಹಾಕಬೇಕೆಂದು ಸೂತ್ರ ತಿಳಿಸುವುದಿಲ್ಲ. ಸೂತ್ರ ಸುಳ್ಳಲ್ಲ, ಆದರೆ ತಿದ್ದುವ ಕೆಲಸಕ್ಕೆ ಅದು ತೀರ ಮೊಂಡು.

ಈಗ ಪರೀಕ್ಷೆಗೆ ಒಂದು ಪ್ರಬಂಧವನ್ನು ತೆಗೆದುಕೊಳ್ಳೋಣ. ಕನ್ನಡಿಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನೆಲ್ಲ ಒಂದೆಡೆ ಕೂಡಿಸಿ ನಾನೇ ರಚಿಸಿದ ಆರು ವಾಕ್ಯಗಳಿವು.

1. ಕಿನೋ, ವತಶಿ ವ ತೊಮೊದಚಿ ನೊ ಉಚಿ ನಿ ಇಕಿಮಶಿತ. (ನಿನ್ನೆ ನಾನು ಸ್ನೇಹಿತನ ಮನೆಗೆ ಹೋದೆ.)
2. ವತಶಿ ವ ತ್ಸುಯಿತ ತೊಕಿ, ಅಮೆ ವ ಫುತ್ತೆ ಇಮಶಿತ. (ನಾನು ತಲುಪಿದಾಗ ಮಳೆ ಬರುತ್ತಿತ್ತು.)
3. ಗೆಂಕನ್ ನಿ ಇನು ವ ಇಮಶಿತ. (ಮುಂಬಾಗಿಲಲ್ಲಿ ಒಂದು ನಾಯಿ ಇತ್ತು.)
4. ಇನು ಗ ಓಕಿಕುತೆ, ಶಿರೊಕತ್ತ ದೆಸು. (ನಾಯಿ ದೊಡ್ಡದಾಗಿತ್ತು, ಬೆಳ್ಳಗಿತ್ತು.)
5. ವತಶಿ ವ ಇನು ವ ಸುಕಿ ದೆಸು. (ನನಗೆ ನಾಯಿ ಇಷ್ಟ.)
6. ತೊಮೊದಚಿ ವ ತ್ಸುಕುತ್ತ ಕರೇ ವ ಒಯಿಶಿಕತ್ತ ದೆಸು. (ಸ್ನೇಹಿತ ಮಾಡಿದ ಕರಿ ರುಚಿಯಾಗಿತ್ತು.)

ಮೊದಲನೆಯದನ್ನು ಬಿಟ್ಟರೆ ಎಲ್ಲ ವಾಕ್ಯಗಳಲ್ಲೂ ದೋಷವಿದೆ, ಆದರೆ ಎಲ್ಲದರ ಕಾರಣ ಒಂದೇ ಅಲ್ಲ. ಎರಡು ಮತ್ತು ಆರನೆಯ ವಾಕ್ಯಗಳಲ್ಲಿ ಪ್ರತ್ಯಯ ಎಲ್ಲಿಯವರೆಗೆ ಚಾಚಿಕೊಳ್ಳುತ್ತದೆ ಎಂಬ ಲೆಕ್ಕ ತಪ್ಪಿದೆ. ಐದನೆಯದರಲ್ಲಿ ವಾಕ್ಯದ ಕೊನೆಯಲ್ಲಿರುವ ಪದ ಬೇಡುವ ಪ್ರತ್ಯಯ ಸಿಕ್ಕಿಲ್ಲ. ಮೂರು ಮತ್ತು ನಾಲ್ಕರಲ್ಲಿ, ಜೊತೆಗೆ ಎರಡನೆಯ ವಾಕ್ಯದ ಮಳೆಯ ವಿಚಾರದಲ್ಲಿ, ಓದುವವರಿಗೆ ಯಾವುದು ಹೊಸ ಸುದ್ದಿ ಎಂಬ ಅಂದಾಜು ತಪ್ಪಿದೆ. ಈ ಮೂರನ್ನು ಇದೇ ಕ್ರಮದಲ್ಲಿ ಪರೀಕ್ಷಿಸುವುದು ಒಳ್ಳೆಯದು. ಮೊದಲೆರಡು ಪರೀಕ್ಷೆಗಳಿಗೆ ವಾಕ್ಯದ ರಚನೆಯನ್ನು ನೋಡಿದರೆ ಸಾಕು, ಮೂರನೆಯದಕ್ಕೆ ಮಾತ್ರ ಹಿಂದುಮುಂದಿನ ವಾಕ್ಯಗಳು ಬೇಕು. ರಚನೆಯಿಂದಲೇ ತೀರ್ಮಾನವಾಗುವುದನ್ನು ಸಂದರ್ಭಕ್ಕೆ ಎಳೆದು ಚರ್ಚಿಸಿದರೆ ವಿದ್ಯಾರ್ಥಿಗೆ ಗೊಂದಲವೇ ಹೆಚ್ಚುತ್ತದೆ.

ಮೊದಲ ಪರೀಕ್ಷೆ: ಪ್ರತ್ಯಯ ಎಲ್ಲಿಯವರೆಗೆ ಚಾಚುತ್ತದೆ

'ವ' ಹತ್ತಿದ ಪದ ವಾಕ್ಯದ ಕೊನೆಯ ಕ್ರಿಯಾಪದದವರೆಗೆ ಚಾಚಿಕೊಳ್ಳುತ್ತದೆ. 'ಗ' ಹತ್ತಿದ ಪದ ತನಗೆ ಹತ್ತಿರದ ಕ್ರಿಯಾಪದಕ್ಕೆ ಅಂಟಿಕೊಂಡು ಅಲ್ಲೇ ನಿಂತುಬಿಡುತ್ತದೆ. ಈ ಒಂದು ಮಾತು ಮನದಟ್ಟಾದರೆ ಅರ್ಧದಷ್ಟು ತಪ್ಪುಗಳ ಕಾರಣ ಹೊಳೆಯುತ್ತದೆ. ಜಪಾನಿನ ವ್ಯಾಕರಣಜ್ಞ ಮಿಕಾಮಿ ಅಕಿರ (1903–1971) 'ವ' ಪ್ರತ್ಯಯದ ಈ ಗುಣವನ್ನು ಅಲ್ಪವಿರಾಮವನ್ನು ದಾಟುವುದು, ಪೂರ್ಣವಿರಾಮವನ್ನೂ ದಾಟುವುದು ಎಂದು ವರ್ಣಿಸಿದರು. ಒಮ್ಮೆ 'ವತಶಿ ವ' ಎಂದು ಆರಂಭಿಸಿದರೆ, ಬೇರೆ ವಿಷಯ ಎತ್ತುವವರೆಗೆ ಮುಂದಿನ ವಾಕ್ಯಗಳೂ 'ನನ್ನ' ಕುರಿತೇ ಎಂದು ಓದುವವರು ತಿಳಿಯುತ್ತಾರೆ.

ಎರಡನೆಯ ವಾಕ್ಯಕ್ಕೆ ಇದನ್ನು ಅನ್ವಯಿಸಿ ನೋಡೋಣ. 'ವತಶಿ ವ ತ್ಸುಯಿತ ತೊಕಿ' ಎಂದು ಓದುತ್ತಿದ್ದಂತೆ ಜಪಾನಿ ಓದುಗರು 'ನಾನು' ಎಂಬ ಪದವನ್ನು ಎತ್ತಿಟ್ಟುಕೊಂಡು ಕೊನೆಯ ಕ್ರಿಯಾಪದಕ್ಕಾಗಿ ಕಾಯುತ್ತಾರೆ: ತಲುಪಿದಾಗ ನಾನು ಏನು ಮಾಡಿದೆ? ಆದರೆ ಕೊನೆಯಲ್ಲಿ ಸಿಗುವುದು ಮಳೆ ಸುರಿಯುತ್ತಿದ್ದ ಸಂಗತಿ. ಎತ್ತಿಟ್ಟುಕೊಂಡ 'ನಾನು' ಎಲ್ಲಿಯೂ ಇಳಿಯದೆ ಉಳಿಯುತ್ತದೆ. ಇಲ್ಲಿ 'ನಾನು' ಸೇರಬೇಕಾದದ್ದು 'ತಲುಪಿದ' ಎಂಬ ಒಳವಾಕ್ಯಕ್ಕೆ ಮಾತ್ರ, ಆದ್ದರಿಂದ 'ವತಶಿ ಗ ತ್ಸುಯಿತ ತೊಕಿ' ಎಂದಾಗಬೇಕು.

ಇದೇ ವಾಕ್ಯದ ಕೊನೆ ಬೇರೆಯಾಗಿದ್ದರೆ ತೀರ್ಪೂ ಬೇರೆಯಾಗುತ್ತದೆ. 'ವತಶಿ ವ ಉಚಿ ನಿ ತ್ಸುಯಿತ ತೊಕಿ, ತೊಮೊದಚಿ ನಿ ದೆನ್ವ ಶಿಮಶಿತ' (ನಾನು ಮನೆ ತಲುಪಿದಾಗ ಸ್ನೇಹಿತನಿಗೆ ಫೋನ್ ಮಾಡಿದೆ) ಎಂಬುದು ಪೂರ್ತಿ ಸರಿ, ಏಕೆಂದರೆ ತಲುಪಿದವರೂ ಫೋನ್ ಮಾಡಿದವರೂ ಒಬ್ಬರೇ. 'ತೊಕಿ ಇದ್ದರೆ ಗ ಹಾಕಬೇಕು' ಎಂಬ ಬಾಯಿಪಾಠದ ನಿಯಮ ಕಲಿತವರು ಇದನ್ನೂ ತಿದ್ದಿ 'ವತಶಿ ಗ' ಮಾಡಿಬಿಡುತ್ತಾರೆ, ಆಗ ಫೋನ್ ಮಾಡಿದವರು ಬೇರೆ ಯಾರೋ ಎಂಬ ಅನುಮಾನ ಹುಟ್ಟುತ್ತದೆ. ಆದ್ದರಿಂದ ತಿದ್ದುವವರು ನೋಡಬೇಕಾದದ್ದು 'ತೊಕಿ' ಎಂಬ ಪದವನ್ನಲ್ಲ. ಒಳವಾಕ್ಯದ ಕರ್ತೃವೂ ಹೊರವಾಕ್ಯದ ಕರ್ತೃವೂ ಒಂದೇ ಆಗಿದೆಯೇ ಎಂಬುದನ್ನು ನೋಡಬೇಕು. ಬೇರೆ ಬೇರೆಯಾದರೆ ಒಳಗಿನದಕ್ಕೆ 'ಗ'. ಷರತ್ತು ಹೇಳುವ '-ತರ', '-ಬ' ರೂಪಗಳಿಗೂ, 'ಮಯೆ' (ಮೊದಲು), 'ಅತೊ' (ನಂತರ) ಪದಗಳಿಗೂ ಇದೇ ಪರೀಕ್ಷೆ ನಡೆಯುತ್ತದೆ. 'ಅಮೆ ಗ ಫುತ್ತರ, ಇಕಿಮಸೆನ್' (ಮಳೆ ಬಂದರೆ ಹೋಗುವುದಿಲ್ಲ) ಎಂಬಲ್ಲಿ ಬರುವುದು ಮಳೆ, ಹೋಗದಿರುವವರು ನಾವು.

ಆರನೆಯ ವಾಕ್ಯದಲ್ಲಿರುವುದೂ ಇದೇ ದೋಷ, ಆದರೆ ಇನ್ನಷ್ಟು ಸ್ಪಷ್ಟವಾಗಿ. 'ಸ್ನೇಹಿತ ಮಾಡಿದ ಕರಿ' ಎಂಬಂತೆ ನಾಮಪದಕ್ಕೆ ಮುಂಚೆ ಬಂದು ಅದನ್ನು ವಿಶೇಷಿಸುವ ಒಳವಾಕ್ಯ ಕನ್ನಡದಲ್ಲೂ ಜಪಾನಿಯಲ್ಲೂ ಒಂದೇ ಜಾಗದಲ್ಲಿ ಕೂರುತ್ತದೆ, ಹಾಗಾಗಿ ಕನ್ನಡಿಗರಿಗೆ ಪದಗಳ ಕ್ರಮದಲ್ಲಿ ತೊಡಕಾಗುವುದಿಲ್ಲ. ತೊಡಕಿರುವುದು ಪ್ರತ್ಯಯದಲ್ಲಿ ಮಾತ್ರ. 'ತೊಮೊದಚಿ ವ' ಎಂದರೆ ಸ್ನೇಹಿತ 'ರುಚಿಯಾಗಿತ್ತು' ಎಂಬಲ್ಲಿಯವರೆಗೆ ಚಾಚಿಕೊಳ್ಳುತ್ತಾನೆ! ನಾಮಪದವನ್ನು ವಿಶೇಷಿಸುವ ಒಳವಾಕ್ಯದ ಕರ್ತೃವಿಗೆ 'ಗ' ಬರಬೇಕು: 'ತೊಮೊದಚಿ ಗ ತ್ಸುಕುತ್ತ ಕರೇ ವ ಒಯಿಶಿಕತ್ತ ದೆಸು'. ಹೊರಗಿನ 'ಕರೇ ವ' ಹಾಗೆಯೇ ಇರಲಿ, ಅದರ ಕುರಿತೇ ಅಭಿಪ್ರಾಯ ಹೇಳುತ್ತಿರುವುದು. ವಿದ್ಯಾರ್ಥಿ ಇಲ್ಲಿ 'ತೊಮೊದಚಿ ನೊ ತ್ಸುಕುತ್ತ ಕರೇ' ಎಂದು ಬರೆದಿದ್ದರೆ ಅದನ್ನು ತಪ್ಪೆಂದು ಗುರುತಿಸಬಾರದು. ಇಂಥ ಒಳವಾಕ್ಯದೊಳಗೆ 'ಗ' ಬದಲಿಗೆ 'ನೊ' ಬರುವುದು ಜಪಾನಿಯ ಒಪ್ಪಿತ ರೂಪ.

ಎಲ್ಲ ಒಳವಾಕ್ಯಗಳೂ 'ವ' ಪ್ರತ್ಯಯವನ್ನು ತಡೆಯುವುದಿಲ್ಲ ಎಂಬುದನ್ನೂ ಗಮನದಲ್ಲಿಡಬೇಕು. 'ಆದರೆ' ಎಂಬ ಅರ್ಥದ 'ಕೆದೊ', ಹೇಳಿದ್ದನ್ನು ಉದ್ಧರಿಸುವ 'ತೊ ಒಮೊಯಿಮಸು' (ಎಂದು ಅಂದುಕೊಳ್ಳುತ್ತೇನೆ) ಇವುಗಳ ಒಳಗೆ 'ವ' ಸಲೀಸಾಗಿ ಬರುತ್ತದೆ. 'ಯಮದ-ಸನ್ ವ ಕುರು ತೊ ಒಮೊಯಿಮಸು' (ಯಮದ ಅವರು ಬರುತ್ತಾರೆಂದು ಅಂದುಕೊಳ್ಳುತ್ತೇನೆ) ಎಂಬುದನ್ನು ತಿದ್ದುವ ಅಗತ್ಯವಿಲ್ಲ. ಇವು ತಮ್ಮಷ್ಟಕ್ಕೆ ತಾವು ಪೂರ್ಣ ವಾಕ್ಯಗಳಂತೆ ನಿಲ್ಲಬಲ್ಲವು, ಹಾಗಾಗಿ ತಮ್ಮದೇ ವಿಷಯವನ್ನು ಹೊತ್ತುಕೊಳ್ಳುವ ಶಕ್ತಿ ಇವಕ್ಕಿದೆ.

ಎರಡನೆಯ ಪರೀಕ್ಷೆ: ಕೊನೆಯ ಪದ ಏನು ಬೇಡುತ್ತದೆ

ಈ ಪರೀಕ್ಷೆಯಲ್ಲಿ ಕನ್ನಡಿಗರಿಗೆ ಮಾತೃಭಾಷೆಯೇ ಬೆಂಬಲಕ್ಕೆ ನಿಲ್ಲುತ್ತದೆ, ಅದನ್ನು ಬಳಸಿಕೊಳ್ಳದೆ ಪಟ್ಟಿ ಉರುಹೊಡೆಸುವುದು ವ್ಯರ್ಥ. ಕನ್ನಡದಲ್ಲಿ 'ನನಗೆ ನಾಯಿ ಇಷ್ಟ', 'ನನಗೆ ನೀರು ಬೇಕು', 'ನನಗೆ ಜಪಾನಿ ಅರ್ಥವಾಗುತ್ತದೆ', 'ಅವಳಿಗೆ ಈಜು ಬರುತ್ತದೆ', 'ಇಲ್ಲಿಂದ ನನಗೆ ಬೆಟ್ಟ ಕಾಣಿಸುತ್ತದೆ', 'ನನಗೆ ಸದ್ದು ಕೇಳಿಸುತ್ತದೆ' ಎನ್ನುತ್ತೇವೆ. ಅನುಭವಿಸುವವರಿಗೆ ಚತುರ್ಥಿ ವಿಭಕ್ತಿ, ಇಷ್ಟವಾದ ಅಥವಾ ಬೇಕಾದ ವಸ್ತುವಿಗೆ ಪ್ರಥಮಾ ವಿಭಕ್ತಿ. ಜಪಾನಿಯ ಸುಕಿ (ಇಷ್ಟ), ಹೊಶೀ (ಬೇಕು), ವಕರು (ಅರ್ಥವಾಗು), ದೆಕಿರು (ಮಾಡಲು ಬರು), ಮಿಯೆರು (ಕಾಣಿಸು), ಕಿಕೊಯೆರು (ಕೇಳಿಸು) ಎಂಬ ಪದಗಳೂ ಇದೇ ರೀತಿಯವು, ಅವುಗಳ ವಸ್ತುವಿಗೆ ಬರುವ ಪ್ರತ್ಯಯ 'ಗ'. ಆದ್ದರಿಂದ ವಿದ್ಯಾರ್ಥಿಗೆ ಹೇಳಬೇಕಾದದ್ದು ಇಷ್ಟೇ: ಕನ್ನಡದಲ್ಲಿ ಈ ವಾಕ್ಯ 'ನನಗೆ' ಎಂದು ಆರಂಭವಾಗಿ, ವಸ್ತುವಿಗೆ 'ಅನ್ನು' ಹತ್ತದಿದ್ದರೆ, ಜಪಾನಿಯಲ್ಲಿ ಆ ವಸ್ತುವಿಗೆ 'ಗ' ಹಾಕಿ ನೋಡು. ಐದನೆಯ ವಾಕ್ಯ ಈ ಪ್ರಕಾರ 'ವತಶಿ ವ ಇನು ಗ ಸುಕಿ ದೆಸು' ಎಂದಾಗುತ್ತದೆ.

ದೇಹದ ಭಾಗ, ನೋವು, ಕುಟುಂಬ ಇವುಗಳ ವಾಕ್ಯಗಳಿಗೂ ಈ ದಾರಿ ಚೆನ್ನಾಗಿ ಹೊಂದುತ್ತದೆ. 'ಆನೆಗೆ ಸೊಂಡಿಲು ಉದ್ದ' ಎಂಬುದಕ್ಕೆ 'ಜೋ ವ ಹನ ಗ ನಗಯಿ' ಎನ್ನುತ್ತಾರೆ, ಮಿಕಾಮಿ ಅವರ ಬರವಣಿಗೆಯಿಂದ ಹೆಸರಾದ ವಾಕ್ಯ ಇದು. ಆನೆ ವಿಷಯ, ಉದ್ದವಾಗಿರುವುದು ಸೊಂಡಿಲು. ವಿದ್ಯಾರ್ಥಿಗಳು 'ಯಮದ-ಸನ್ ವ ಕಮಿ ವ ನಗಯಿ ದೆಸು' (ಯಮದ ಅವರಿಗೆ ಕೂದಲು ಉದ್ದ) ಎಂದು ಬರೆದಾಗ ಎರಡನೆಯ 'ವ' ತೆಗೆದು 'ಗ' ಮಾಡಬೇಕು.

ಈ ದಾರಿಯಲ್ಲಿ ಎರಡು ಕಡೆ ಎಡವುವ ಸಂಭವವಿದೆ. 'ನನಗೆ ಯಮದ ಅವರು ಗೊತ್ತು', 'ನನಗೆ ಆ ಹೆಸರು ನೆನಪಿದೆ' ಎಂಬಲ್ಲಿ ಕನ್ನಡ ಚತುರ್ಥಿಯನ್ನೇ ಬಳಸುತ್ತದೆ, ಆದರೆ ಜಪಾನಿಯ 'ಶಿತ್ತೆ ಇಮಸು' ಮತ್ತು 'ಒಬೊಯೆತೆ ಇಮಸು' ಸಾಮಾನ್ಯ ಸಕರ್ಮಕ ಕ್ರಿಯಾಪದಗಳು, ಅವುಗಳ ವಸ್ತುವಿಗೆ 'ಒ' ಪ್ರತ್ಯಯ ಬರುತ್ತದೆ. ಈ ಎರಡನ್ನು ಹೊರಗಿಟ್ಟು ಕಲಿಸಬೇಕು. ಇನ್ನೊಂದು ತಪ್ಪು, ಕನ್ನಡದ 'ನನಗೆ' ಎಂಬುದನ್ನು ಹಾಗೆಯೇ ಎತ್ತಿಕೊಂಡು 'ವತಶಿ ನಿ ಇನು ಗ ಸುಕಿ ದೆಸು' ಎಂದು ಬರೆಯುವುದು. 'ವಕರು', 'ದೆಕಿರು' ಪದಗಳೊಂದಿಗೆ 'ವತಶಿ ನಿ ವ' ಎಂಬ ರೂಪ ಬರುವುದುಂಟು, 'ಸುಕಿ' ಜೊತೆಗೆ ಬರುವುದಿಲ್ಲ. ಅಲ್ಲಿ 'ವತಶಿ ವ' ಎಂದೇ ಬರೆಯಬೇಕು.

ಮೂರನೆಯ ಪರೀಕ್ಷೆ: ವಾಕ್ಯ ಯಾವ ಪ್ರಶ್ನೆಗೆ ಉತ್ತರ

ಮೊದಲೆರಡು ಪರೀಕ್ಷೆಗಳಿಂದ ತೀರ್ಮಾನವಾಗದ ವಾಕ್ಯಗಳು ಉಳಿಯುತ್ತವೆ. ಅವುಗಳ ರಚನೆ ಸರಳ, ಕರ್ತೃ ಒಂದೇ, ಕೊನೆಯ ಪದವೂ ಏನನ್ನೂ ಬೇಡುವುದಿಲ್ಲ, 'ವ' ಹಾಕಿದರೂ 'ಗ' ಹಾಕಿದರೂ ವ್ಯಾಕರಣ ಮುರಿಯುವುದಿಲ್ಲ. ಇಂಥ ಕಡೆ ತಿದ್ದುವವರು ವಾಕ್ಯದ ಹಿಂದೆ ನಿಂತಿರುವ ಪ್ರಶ್ನೆಯನ್ನು ಹುಡುಕಬೇಕು. ಪ್ರತಿಯೊಂದು ವಾಕ್ಯವೂ ಯಾರೂ ಬಾಯಿಬಿಟ್ಟು ಕೇಳದ ಯಾವುದೋ ಪ್ರಶ್ನೆಗೆ ಉತ್ತರವಾಗಿರುತ್ತದೆ, ಮತ್ತು ಆ ಪ್ರಶ್ನೆ ಮೂರು ಬಗೆಯದಾಗಿರಬಹುದು.

ಪ್ರಶ್ನೆ 'ಅದು ಹೇಗಿತ್ತು, ಅದಕ್ಕೇನಾಯಿತು?' ಎಂದಾಗಿದ್ದರೆ, ಅಂದರೆ ವಸ್ತು ಇಬ್ಬರಿಗೂ ಗೊತ್ತಿದ್ದು ಅದರ ಕುರಿತ ಮಾತು ಹೊಸದಾಗಿದ್ದರೆ, 'ವ'. ಪ್ರಶ್ನೆ 'ಏನಾಯಿತು, ಅಲ್ಲಿ ಏನಿದೆ?' ಎಂದಾಗಿದ್ದರೆ, ಅಂದರೆ ಇಡೀ ಸಂಗತಿಯೇ ಹೊಸದಾಗಿದ್ದರೆ, 'ಗ'. ಪ್ರಶ್ನೆ 'ಯಾರು, ಯಾವುದು?' ಎಂದಾಗಿದ್ದು ಸಂಗತಿ ಗೊತ್ತಿದ್ದರೂ ಕರ್ತೃ ಮಾತ್ರ ಹೊಸದಾಗಿದ್ದರೆ, ಆಗಲೂ 'ಗ'. ಈ ಎರಡು ಬಗೆಯ 'ಗ' ಒಂದೇ ಅಲ್ಲ. ಭಾಷಾವಿಜ್ಞಾನಿ ಕುನೊ ಸುಸುಮು 1973ರಲ್ಲಿ ಇವೆರಡನ್ನೂ ಬೇರ್ಪಡಿಸಿ ಹೆಸರಿಸಿದರು: ಕಂಡದ್ದನ್ನು ಕಂಡಂತೆ ವರ್ಣಿಸುವ 'ಗ' ಒಂದು, ಹಲವರಲ್ಲಿ ಇದೇ ಎಂದು ಆರಿಸಿ ತೋರಿಸುವ 'ಗ' ಇನ್ನೊಂದು.

ಕನ್ನಡದಲ್ಲಿ ಈ ವ್ಯತ್ಯಾಸಕ್ಕೆ ಪ್ರತ್ಯಯವಿಲ್ಲದಿದ್ದರೂ ಬೇರೆ ಸುಳಿವುಗಳಿವೆ. ಮೂರನೆಯ ವಾಕ್ಯವನ್ನು ಕನ್ನಡದಲ್ಲಿ ಬರೆಯುವಾಗ 'ಬಾಗಿಲಲ್ಲಿ ಒಂದು ನಾಯಿ ಇತ್ತು' ಎಂದೆವು. ನಾಮಪದದ ಮುಂದೆ 'ಒಂದು', 'ಒಬ್ಬ', 'ಯಾರೋ' ಎಂಬ ಪದ ಸಹಜವಾಗಿ ಬರುವಂತಿದ್ದರೆ ಓದುವವರಿಗೆ ಆ ವಸ್ತು ಹೊಸದು, ಜಪಾನಿಯಲ್ಲಿ 'ಗ' ಬೇಕು: 'ಗೆಂಕನ್ ನಿ ಇನು ಗ ಇಮಶಿತ'. ಅದೇ ನಾಯಿ ಆಗಲೇ ಪರಿಚಿತವಾಗಿದ್ದು ಎಲ್ಲಿದೆ ಎಂದು ಹೇಳುವುದಾದರೆ ಕನ್ನಡದಲ್ಲಿ 'ನಾಯಿ ಬಾಗಿಲಲ್ಲಿತ್ತು' ಎಂದು ಪದಕ್ರಮವೇ ತಿರುಗುತ್ತದೆ. ಜಪಾನಿಯಲ್ಲೂ ಹಾಗೆಯೇ 'ಇನು ವ ಗೆಂಕನ್ ನಿ ಇಮಶಿತ'. ಎರಡನೆಯ ವಾಕ್ಯದ ಮಳೆಯೂ ಹೊಸ ಸಂಗತಿ, ತಲುಪಿದಾಗ ಕಣ್ಣಿಗೆ ಬಿದ್ದದ್ದು, ಆದ್ದರಿಂದ 'ಅಮೆ ಗ ಫುತ್ತೆ ಇಮಶಿತ'.

ನಾಲ್ಕನೆಯ ವಾಕ್ಯದ ತಪ್ಪು ಇದಕ್ಕೆ ವಿರುದ್ಧ ದಿಕ್ಕಿನದು. ನಾಯಿ ಮೂರನೆಯ ವಾಕ್ಯದಲ್ಲೇ ಪರಿಚಯವಾಗಿದೆ, ಈಗ ಅದರ ಬಣ್ಣ, ಗಾತ್ರ ಹೇಳುತ್ತಿದ್ದಾರೆ. 'ಇನು ಗ ಓಕಿಕುತೆ, ಶಿರೊಕತ್ತ ದೆಸು' ಎಂದರೆ ಜಪಾನಿ ಕಿವಿಗೆ 'ದೊಡ್ಡದಾಗಿ ಬೆಳ್ಳಗಿದ್ದದ್ದು ನಾಯಿ' ಎಂದು ಕೇಳಿಸುತ್ತದೆ, ಯಾವುದು ಬೆಳ್ಳಗಿತ್ತು ಎಂದು ಯಾರೋ ಕೇಳಿದ್ದರೇನೋ ಎಂಬಂತೆ. ಗಾತ್ರ, ಬಣ್ಣ, ವೃತ್ತಿ, ಹೆಸರು ಹೀಗೆ ನೆಲೆನಿಂತ ಗುಣಗಳನ್ನು ಹೇಳುವ ವಾಕ್ಯದಲ್ಲಿ 'ಗ' ಬಂದರೆ ಅದು ಬಹುಮಟ್ಟಿಗೆ ಆರಿಸಿ ತೋರಿಸುವ 'ಗ' ಆಗಿಯೇ ಕೇಳಿಸುತ್ತದೆ. ಇದನ್ನು ವಿದ್ಯಾರ್ಥಿಗೆ ತೋರಿಸಲು ಪರಿಚಯದ ವಾಕ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 'ವತಶಿ ವ ರಮೇಶ್ ದೆಸು' ಎಂದರೆ 'ನಾನು ರಮೇಶ'. 'ವತಶಿ ಗ ರಮೇಶ್ ದೆಸು' ಎಂದರೆ 'ರಮೇಶ ಅಂದರೆ ನಾನೇ', ಕೋಣೆಗೆ ಬಂದವರೊಬ್ಬರು 'ಇಲ್ಲಿ ರಮೇಶ್ ಯಾರು?' ಎಂದು ಕೇಳಿದಾಗ ಕೊಡುವ ಉತ್ತರ.

ಆರಿಸಿ ತೋರಿಸುವ 'ಗ' ಹೌದೋ ಅಲ್ಲವೋ ಎಂದು ನೋಡಲು ಕನ್ನಡದ '-ದ್ದು' ರೂಪ ಉತ್ತಮ ಸಾಧನ. 'ಬಂದದ್ದು ಯಮದ ಅವರು', 'ಮುರಿದದ್ದು ನಾನು' ಎಂದು ತಿರುಗಿಸಿದಾಗ ಬರೆದವರ ಉದ್ದೇಶ ಹಾಗೆಯೇ ಉಳಿದರೆ 'ಗ' ಸರಿ. ಉದ್ದೇಶ ಬದಲಾದಂತೆ ಅನಿಸಿದರೆ ಈ ಬಗೆಯ 'ಗ' ಅಲ್ಲಿ ಸಲ್ಲದು. 'ದರೆ' (ಯಾರು), 'ನನಿ' (ಏನು), 'ದೊರೆ' (ಯಾವುದು) ಕರ್ತೃವಾಗಿ ಬಂದಾಗ 'ಗ' ಬರುವುದೂ ಈ ಕಾರಣಕ್ಕೇ. 'ದರೆ ಗ ಕಿಮಶಿತ ಕ' ಎಂಬ ಪ್ರಶ್ನೆಗೆ ವಿದ್ಯಾರ್ಥಿ 'ಯಮದ-ಸನ್ ವ ಕಿಮಶಿತ' ಎಂದು ಉತ್ತರ ಬರೆದರೆ, 'ಯಮದ ಅವರಂತೂ ಬಂದರು, ಉಳಿದವರ ವಿಷಯ ಬೇರೆ' ಎಂಬ ಧ್ವನಿ ಹೊರಡುತ್ತದೆ. ಪ್ರಶ್ನೆಯಲ್ಲಿರುವ ಪ್ರತ್ಯಯವೇ ಉತ್ತರದಲ್ಲೂ ಬರಬೇಕು.

ಬೇಡದ ಹೋಲಿಕೆ ನುಸುಳುವುದು

ಮೇಲೆ 'ಅಂತೂ' ಎಂಬ ಪದ ಬಂತು. 'ವ' ಪ್ರತ್ಯಯಕ್ಕೆ ವಿಷಯವನ್ನು ಎತ್ತುವ ಕೆಲಸದ ಜೊತೆಗೆ ಇನ್ನೊಂದು ಕೆಲಸವಿದೆ: ಎರಡು ವಸ್ತುಗಳನ್ನು ಎದುರುಬದುರು ನಿಲ್ಲಿಸುವುದು. ಕನ್ನಡದಲ್ಲಿ ಆ ಕೆಲಸವನ್ನು ಹೆಚ್ಚಾಗಿ 'ಅಂತೂ', 'ಮಾತ್ರ' ಎಂಬ ಪದಗಳು ಮಾಡುತ್ತವೆ. ಒಂದೇ ವಾಕ್ಯದಲ್ಲಿ ಎರಡು 'ವ' ಬಂದರೆ ಎರಡನೆಯದು ಸಾಮಾನ್ಯವಾಗಿ ಹೋಲಿಕೆಯದಾಗಿರುತ್ತದೆ. ಹಾಗಾಗಿ 'ವತಶಿ ವ ಇನು ವ ಸುಕಿ ದೆಸು' ಎಂಬುದು ವ್ಯಾಕರಣದ ದೃಷ್ಟಿಯಿಂದ ಅಸಾಧ್ಯವೇನಲ್ಲ. 'ಇನು ವ ಸುಕಿ ದೆಸು ಗ, ನೆಕೊ ವ ಸುಕಿ ಜಾ ಅರಿಮಸೆನ್' (ನಾಯಿ ಇಷ್ಟ, ಬೆಕ್ಕು ಮಾತ್ರ ಇಷ್ಟವಿಲ್ಲ) ಎಂದು ಮುಂದುವರಿದರೆ ಅದೇ ಸರಿ. ಈ ವಾಕ್ಯದ ನಡುವಿನ 'ಗ' ನಾವು ಚರ್ಚಿಸುತ್ತಿರುವ ಪ್ರತ್ಯಯವಲ್ಲ, ಕ್ರಿಯೆಯ ಹಿಂದೆ ಬಂದು 'ಆದರೆ' ಎಂಬ ಅರ್ಥ ಕೊಡುವ ಬೇರೊಂದು ಪದ. ನಮ್ಮ ಪ್ರಬಂಧದಲ್ಲಿ ಬೆಕ್ಕಿನ ಸುದ್ದಿಯೇ ಇಲ್ಲ, ಆದ್ದರಿಂದ ಓದುವವರು ಇನ್ನಾವುದು ಇಷ್ಟವಿಲ್ಲವೋ ಎಂದು ಕಾಯುತ್ತಾ ಉಳಿಯುತ್ತಾರೆ.

ಈ ಬಗೆಯ ದೋಷ ಬರಹಕ್ಕಿಂತ ಮಾತಿನಲ್ಲಿ ಹೆಚ್ಚು ನೋವುಂಟುಮಾಡುತ್ತದೆ. ಮೆಚ್ಚುಗೆಯಿಂದ 'ಕ್ಯೋ ವ ಕಿರೆಯಿ ದೆಸು ನೆ' (ಇಂದು ಚೆನ್ನಾಗಿ ಕಾಣುತ್ತಿದ್ದೀರಿ) ಎಂದರೆ 'ಇವತ್ತೇನೋ ಚೆನ್ನಾಗಿದ್ದೀರಿ, ಬೇರೆ ದಿನಗಳ ಮಾತು ಬೇರೆ' ಎಂದು ಕೇಳಿಸುವ ಅಪಾಯವಿದೆ. ವಾಕ್ಯದಲ್ಲಿ 'ವ' ಕಂಡ ಕಡೆ 'ಅಂತೂ' ಸೇರಿಸಿ ಕನ್ನಡದಲ್ಲಿ ಓದಿ ನೋಡುವ ಅಭ್ಯಾಸವನ್ನು ವಿದ್ಯಾರ್ಥಿಗೆ ಕೊಟ್ಟರೆ ಬೇಡದ ಹೋಲಿಕೆ ಬೇಗ ಕಣ್ಣಿಗೆ ಬೀಳುತ್ತದೆ.

ನಿಷೇಧ ವಾಕ್ಯಗಳಲ್ಲಿ 'ವ' ಹೆಚ್ಚಾಗಿ ಬರುವುದಕ್ಕೂ ಹೋಲಿಕೆಯೇ ಮೂಲ. 'ಮಳೆ ಬರುತ್ತಿದೆಯೇ?' ಎಂದು ಕೇಳಿದಾಗ 'ಈಯೆ, ಅಮೆ ವ ಫುತ್ತೆ ಇಮಸೆನ್' ಎನ್ನುವುದು ಸಹಜ. ಆದರೆ ಇದನ್ನು ನಿಯಮವಾಗಿ ಹೇಳಿಕೊಡಬಾರದು. 'ಜಿಕನ್ ಗ ಅರಿಮಸೆನ್' (ಸಮಯವಿಲ್ಲ) ಎಂಬುದು ದಿನನಿತ್ಯ ಕೇಳಿಬರುವ, ಪೂರ್ತಿ ಸರಿಯಾದ ಮಾತು.

ತಿದ್ದಿದ ಪ್ರಬಂಧ, ಮತ್ತು ತಿದ್ದಬಾರದ ಕಡೆಗಳು

ಮೂರೂ ಪರೀಕ್ಷೆಗಳ ನಂತರ ಪ್ರಬಂಧ ಹೀಗಾಗುತ್ತದೆ:

ಕಿನೋ, ವತಶಿ ವ ತೊಮೊದಚಿ ನೊ ಉಚಿ ನಿ ಇಕಿಮಶಿತ. ತ್ಸುಯಿತ ತೊಕಿ, ಅಮೆ ಗ ಫುತ್ತೆ ಇಮಶಿತ. ಗೆಂಕನ್ ನಿ ಇನು ಗ ಇಮಶಿತ. ಸೊನೊ ಇನು ವ ಓಕಿಕುತೆ, ಶಿರೊಕತ್ತ ದೆಸು. ವತಶಿ ವ ಇನು ಗ ಸುಕಿ ದೆಸು. ತೊಮೊದಚಿ ಗ ತ್ಸುಕುತ್ತ ಕರೇ ವ ಒಯಿಶಿಕತ್ತ ದೆಸು.

ಎರಡನೆಯ ವಾಕ್ಯದಲ್ಲಿ 'ವತಶಿ ಗ' ಎಂದು ಬರೆಯುವ ಬದಲು ಆ ಪದವನ್ನೇ ಬಿಟ್ಟಿದ್ದೇನೆ. ಮೊದಲ ವಾಕ್ಯದ 'ವತಶಿ ವ' ಪೂರ್ಣವಿರಾಮವನ್ನು ದಾಟಿ ಬರುವುದರಿಂದ ತಲುಪಿದವರು ಯಾರೆಂದು ಓದುವವರಿಗೆ ಗೊತ್ತೇ ಇದೆ. ಕನ್ನಡದಲ್ಲಿ 'ಹೋದೆ', 'ನೋಡಿದೆ' ಎಂಬ ಕ್ರಿಯಾಪದದ ರೂಪವೇ ಕರ್ತೃವನ್ನು ಹೇಳುತ್ತದೆ. ಜಪಾನಿ ಕ್ರಿಯಾಪದ ಹಾಗೆ ಹೇಳದ ಕಾರಣ ವಿದ್ಯಾರ್ಥಿಗಳು ಅಂಜಿ ಪ್ರತಿ ವಾಕ್ಯಕ್ಕೂ 'ವತಶಿ ವ' ಹಚ್ಚುತ್ತಾರೆ. ಅನೇಕ ವೇಳೆ 'ವ' ಬೇಕೋ 'ಗ' ಬೇಕೋ ಎಂಬ ಪ್ರಶ್ನೆಗೆ ಪದವನ್ನೇ ಕೈಬಿಡುವುದು ಸರಿಯಾದ ಉತ್ತರವಾಗಿರುತ್ತದೆ. ಐದನೆಯ ವಾಕ್ಯದಲ್ಲಿ 'ವತಶಿ ವ' ಉಳಿಸಿದ್ದಕ್ಕೆ ಕಾರಣ, ಅದರ ಹಿಂದಿನ ವಾಕ್ಯದ ವಿಷಯ ನಾಯಿ, ಈಗ ಮಾತು ಮತ್ತೆ ನನ್ನ ಕಡೆಗೆ ಹೊರಳುತ್ತಿದೆ.

ತಿದ್ದುವ ಕ್ರಮದ ಬಗ್ಗೆ ಒಂದು ಎಚ್ಚರ. ಮೂರನೆಯ ವಾಕ್ಯವನ್ನು ತಿದ್ದದೆ ನಾಲ್ಕನೆಯದನ್ನು ಮುಟ್ಟಬಾರದು. ಮೂರರಲ್ಲಿ ನಾಯಿ 'ಗ' ಜೊತೆ ಪರಿಚಯವಾದ ಮೇಲಷ್ಟೇ ನಾಲ್ಕರಲ್ಲಿ ಅದು 'ವ' ಪಡೆಯುವ ಅರ್ಹತೆ ಗಳಿಸುತ್ತದೆ. ಹಾಗಾಗಿ ಪ್ರಬಂಧವನ್ನು ಮೇಲಿನಿಂದ ಕೆಳಕ್ಕೆ, ಪ್ರತಿ ತಿದ್ದುಪಡಿಯ ನಂತರ ಮುಂದಿನ ವಾಕ್ಯವನ್ನು ಹೊಸದಾಗಿ ಓದುತ್ತಾ ಸಾಗಬೇಕು. ವಾಕ್ಯಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ 'ಸರಿಯೋ ತಪ್ಪೋ' ಎಂದು ಜಪಾನಿಯರನ್ನು ಕೇಳಿದರೆ ಒಬ್ಬರು 'ವ' ಎಂದೂ ಇನ್ನೊಬ್ಬರು 'ಗ' ಎಂದೂ ಹೇಳುವುದು ಇದೇ ಕಾರಣಕ್ಕೆ. ಅವರು ತಮ್ಮ ಮನಸ್ಸಿನಲ್ಲಿ ಬೇರೆ ಬೇರೆ ಸಂದರ್ಭಗಳನ್ನು ಕಲ್ಪಿಸಿಕೊಂಡಿರುತ್ತಾರೆ.

ಎರಡೂ ಸರಿಯಾಗಬಹುದಾದ ಕಡೆ ಕೆಂಪು ಗೆರೆ ಎಳೆಯುವುದು ವಿದ್ಯಾರ್ಥಿಗೆ ಮಾಡುವ ಅನ್ಯಾಯ. 'ಬಸು ವ ಕಿಮಶಿತ' ಎಂದು ಬರೆದಿದ್ದರೆ, ಎಲ್ಲರೂ ಕಾಯುತ್ತಿದ್ದ ಬಸ್ ಬಂದದ್ದನ್ನು ಹೇಳುತ್ತಿದ್ದಾರೋ ಇಲ್ಲವೇ ದೂರದಲ್ಲಿ ಬಸ್ ಕಾಣಿಸಿದ್ದನ್ನು ಹೇಳುತ್ತಿದ್ದಾರೋ ಎಂಬುದು ಬರೆದವರಿಗೆ ಮಾತ್ರ ಗೊತ್ತು. ಮೊದಲನೆಯದಾದರೆ 'ವ' ಇರಬಹುದು, ಎರಡನೆಯದಾದರೆ 'ಗ' ಬೇಕು. ಅಂಥಲ್ಲಿ ಅಂಚಿನಲ್ಲಿ ಕನ್ನಡದಲ್ಲೇ ಒಂದು ಪ್ರಶ್ನೆ ಬರೆದಿಡಬೇಕು: 'ಆ ಬಸ್ ಬಂತೇ, ಒಂದು ಬಸ್ ಬಂತೇ?' ವಿದ್ಯಾರ್ಥಿ ಉತ್ತರ ಬರೆದು ಪ್ರತ್ಯಯವನ್ನು ತಾನೇ ಆರಿಸಿದ ನಂತರ ಆ ವಾಕ್ಯಕ್ಕೆ ಗುರುತು ಹಾಕಿದರೆ ಸಾಕು.